ಫಿಲ್ಟರ್ ಹಾಕಿದರೂ ಮೊತ್ತ ಬದಲಾಗುತ್ತಿಲ್ಲವೇ? SUM ಮತ್ತು SUBTOTAL ಅಡಗಿದ ಸಾಲುಗಳನ್ನು ಎಣಿಸುವ ಬಗೆ

ಎಕ್ಸೆಲ್‌ನಲ್ಲಿ ಪಟ್ಟಿಗೆ ಫಿಲ್ಟರ್ ಹಾಕಿ ಒಂದೇ ವಿಭಾಗದ ಸಾಲುಗಳನ್ನು ಉಳಿಸಿಕೊಂಡ ಮೇಲೂ ಮೊತ್ತದ ಸೆಲ್ ಇಡೀ ಪಟ್ಟಿಯ ಮೊತ್ತವನ್ನೇ ತೋರಿಸುತ್ತದೆ ಎಂಬುದು ಓದುಗರು ಮತ್ತೆ ಮತ್ತೆ ಎದುರಿಸುವ ಮೊದಲ ತೊಡಕು. ಯಾರೋ ಹೇಳಿದರೆಂದು SUM ತೆಗೆದು SUBTOTAL ಬರೆದವರಿಗೆ ಎರಡನೆಯ ತೊಡಕು ಕಾದಿರುತ್ತದೆ: ಫಿಲ್ಟರ್‌ಗೆ ಸರಿಯಾಗಿ ಸ್ಪಂದಿಸಿದ ಅದೇ ಸೂತ್ರ, ಕೈಯಿಂದ ಅಡಗಿಸಿದ ಸಾಲುಗಳನ್ನು ಮಾತ್ರ ಬಿಡದೆ ಕೂಡಿಸುತ್ತದೆ. ಅದನ್ನೂ ಸರಿಪಡಿಸಿಕೊಂಡವರು ಸಾಲುಗಳ ಗುಂಪನ್ನು ಮಡಿಸಿದ ಕೂಡಲೇ ಮೊತ್ತ ಸೊನ್ನೆಯಾಗುವುದನ್ನು ಕಂಡು ಮತ್ತೆ SUM ಕಡೆಗೇ ಮರಳುತ್ತಾರೆ.

ಈ ಮೂರೂ ತೊಡಕುಗಳ ಮೂಲ ಒಂದೇ. ಪರದೆಯ ಮೇಲೆ ಕಾಣದ ಸಾಲನ್ನು ಅಡಗಿಸಿದ್ದು ಫಿಲ್ಟರೋ, ನಿಮ್ಮ ಕೈಯೋ ಎಂಬ ವ್ಯತ್ಯಾಸವನ್ನು ಕಣ್ಣು ಗಮನಿಸುವುದಿಲ್ಲ, ಆದರೆ SUBTOTAL ಗಮನಿಸುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಒಂದು ಚಿಕ್ಕ ಶೀಟ್‌ನಲ್ಲಿ ಮಾಡಿ ನೋಡಿ. ನಿಮ್ಮ ನಿಜವಾದ ಪಟ್ಟಿಯನ್ನು ಮುಟ್ಟುವ ಮೊದಲು ಈ ಹತ್ತು ಸಾಲುಗಳಲ್ಲಿ ಕೈ ಕುದುರಲಿ, ಏಕೆಂದರೆ ಸಾವಿರಾರು ಸಾಲುಗಳ ಪಟ್ಟಿಯಲ್ಲಿ ಮೊತ್ತ ತಪ್ಪಿದ್ದರೂ ಕಣ್ಣಿಗೆ ಬೀಳುವುದಿಲ್ಲ.

## ಹಂತ 1: ಪ್ರಯೋಗದ ಪಟ್ಟಿಯನ್ನು ಸಿದ್ಧಪಡಿಸಿ

ಬೇಕಾದುದು ಎಕ್ಸೆಲ್‌ನ ಒಂದು ಖಾಲಿ ಶೀಟ್ ಮಾತ್ರ. ಮೊದಲ ನಾಲ್ಕು ಸಾಲುಗಳನ್ನು ಖಾಲಿ ಬಿಟ್ಟು, 5ನೆಯ ಸಾಲಿನಲ್ಲಿ ಶೀರ್ಷಿಕೆಗಳನ್ನೂ 6ರಿಂದ 15ರವರೆಗಿನ ಸಾಲುಗಳಲ್ಲಿ ಈ ವಿವರಗಳನ್ನೂ ತುಂಬಿಸಿ. ಇದು ಮೂರು ವಿಭಾಗಗಳು ಕೆಲಸಕ್ಕೆ ತೆಗೆದುಕೊಂಡ ಗಂಟೆಗಳ ಪಟ್ಟಿ.

| ಸಾಲು | A ಕ್ರಮ | B ವಿಭಾಗ | C ಗಂಟೆ |
|---|---|---|---|
| 6 | 1 | ವಿನ್ಯಾಸ | 40 |
| 7 | 2 | ಮುದ್ರಣ | 25 |
| 8 | 3 | ಸಾಗಣೆ | 10 |
| 9 | 4 | ವಿನ್ಯಾಸ | 30 |
| 10 | 5 | ಮುದ್ರಣ | 35 |
| 11 | 6 | ಸಾಗಣೆ | 20 |
| 12 | 7 | ಮುದ್ರಣ | 15 |
| 13 | 8 | ವಿನ್ಯಾಸ | 50 |
| 14 | 9 | ಸಾಗಣೆ | 45 |
| 15 | 10 | ಮುದ್ರಣ | 30 |

ವಿನ್ಯಾಸಕ್ಕೆ 120, ಮುದ್ರಣಕ್ಕೆ 105, ಸಾಗಣೆಗೆ 75, ಒಟ್ಟು 300 ಗಂಟೆ. ಈ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಹಂತದಲ್ಲೂ ಸೂತ್ರದ ಉತ್ತರವನ್ನು ಇವುಗಳೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.

ಮೇಲೆ ಸಾಲುಗಳನ್ನು ಖಾಲಿ ಬಿಡಲು ಕಾರಣವಿದೆ. ಮೊತ್ತವನ್ನು ಪಟ್ಟಿಯ ಬಲಬದಿಗೆ, ಯಾವುದೋ ವಿವರದ ಸಾಲಿನಲ್ಲೇ ಬರೆದರೆ, ಆ ಸಾಲು ಅಡಗಿದಾಗ ಮೊತ್ತವೂ ಕಾಣದಾಗುತ್ತದೆ. ಪಟ್ಟಿಯ ಕೆಳಗೆ ತಾಗಿಸಿ SUM ಬರೆದರೆ, ಫಿಲ್ಟರ್ ಹಾಕುವಾಗ ಎಕ್ಸೆಲ್ ಆ ಸಾಲನ್ನೂ ಒಂದು ವಿವರವೆಂದೇ ಪರಿಗಣಿಸಿ ಅಡಗಿಸಿಬಿಡಬಹುದು. ಶೀರ್ಷಿಕೆಯ ಮೇಲೆ, ನಡುವೆ ಒಂದು ಖಾಲಿ ಸಾಲು ಬಿಟ್ಟು ಮೊತ್ತವನ್ನಿಟ್ಟರೆ ಈ ಎರಡೂ ಕಾಟ ಇರುವುದಿಲ್ಲ, ಪಟ್ಟಿ ಎಷ್ಟೇ ಬೆಳೆದರೂ ಮೊತ್ತ ಕಣ್ಣೆದುರೇ ಇರುತ್ತದೆ.

## ಹಂತ 2: ಮೂರು ಸೂತ್ರಗಳನ್ನು ಒಂದರ ಕೆಳಗೊಂದು ಬರೆಯಿರಿ

C1, C2, C3 ಸೆಲ್‌ಗಳಲ್ಲಿ ಕ್ರಮವಾಗಿ ಇವುಗಳನ್ನು ಬರೆಯಿರಿ:

```
=SUM(C6:C15)
=SUBTOTAL(9,C6:C15)
=SUBTOTAL(109,C6:C15)
```

SUBTOTAL ಒಳಗಿನ ಮೊದಲ ಸಂಖ್ಯೆ ಯಾವ ಲೆಕ್ಕ ಮಾಡಬೇಕೆಂದು ಹೇಳುತ್ತದೆ. 9 ಎಂದರೆ ಕೂಡಿಸು, 1 ಎಂದರೆ ಸರಾಸರಿ ತೆಗೆ, 2 ಎಂದರೆ ಸಂಖ್ಯೆಗಳಿರುವ ಸೆಲ್‌ಗಳನ್ನು ಎಣಿಸು, 3 ಎಂದರೆ ಖಾಲಿಯಲ್ಲದ ಸೆಲ್‌ಗಳನ್ನು ಎಣಿಸು. ಹೀಗೆ 1ರಿಂದ 11ರವರೆಗೆ ಹನ್ನೊಂದು ಲೆಕ್ಕಗಳಿವೆ. ಅವಕ್ಕೇ 100 ಸೇರಿಸಿದರೆ 101ರಿಂದ 111ರವರೆಗಿನ ಎರಡನೆಯ ಸರಣಿ ಸಿಗುತ್ತದೆ. ಲೆಕ್ಕ ಎರಡರಲ್ಲೂ ಒಂದೇ, ಯಾವ ಸಾಲುಗಳನ್ನು ಬಿಡಬೇಕೆಂಬ ನಿಯಮ ಮಾತ್ರ ಬೇರೆ.

ಈಗ ಮೂರೂ ಸೆಲ್‌ಗಳಲ್ಲಿ 300 ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಯಾವುದಾದರೂ ಗಂಟೆ ಸಂಖ್ಯೆಯಾಗಿರದೆ ಪಠ್ಯವಾಗಿ ದಾಖಲಾಗಿರಬಹುದು. ಪಠ್ಯವಾಗಿರುವ ಅಂಕಿಯನ್ನು SUM ಮತ್ತು SUBTOTAL ಎರಡೂ ಕೂಡಿಸುವುದಿಲ್ಲ. ಸೆಲ್‌ನಲ್ಲಿ ಅಂಕಿ ಎಡಬದಿಗೆ ಅಂಟಿಕೊಂಡಿರುವುದು ಇದರ ಸಾಮಾನ್ಯ ಕುರುಹು.

## ಹಂತ 3: ಫಿಲ್ಟರ್ ಹಾಕಿ ಮೊದಲ ವ್ಯತ್ಯಾಸವನ್ನು ಗಮನಿಸಿ

ಪಟ್ಟಿಯೊಳಗಿನ ಯಾವುದಾದರೂ ಸೆಲ್‌ನಲ್ಲಿ ನಿಂತು Ctrl+Shift+L ಒತ್ತಿ. ಶೀರ್ಷಿಕೆಗಳ ಪಕ್ಕ ಬಾಣದ ಗುಂಡಿಗಳು ಬರುತ್ತವೆ. B ಕಾಲಂನ ಗುಂಡಿ ಒತ್ತಿ ಮುದ್ರಣವೊಂದನ್ನೇ ಆಯ್ಕೆಯಲ್ಲಿ ಉಳಿಸಿ. 7, 10, 12 ಮತ್ತು 15ನೆಯ ಸಾಲುಗಳಷ್ಟೇ ಕಾಣುತ್ತವೆ.

C1ರಲ್ಲಿ 300 ಹಾಗೆಯೇ ಇರುತ್ತದೆ. C2 ಮತ್ತು C3 ಎರಡೂ 105ಕ್ಕೆ ಇಳಿದಿರುತ್ತವೆ. ಫಿಲ್ಟರ್ ಅಡಗಿಸಿದ ಸಾಲುಗಳ ವಿಷಯದಲ್ಲಿ 9 ಮತ್ತು 109ರ ನಡುವೆ ಯಾವ ವ್ಯತ್ಯಾಸವೂ ಇಲ್ಲ, ಎರಡೂ ಅವನ್ನು ಬಿಟ್ಟೇ ಲೆಕ್ಕ ಹಾಕುತ್ತವೆ. ಅನೇಕರು ಇಷ್ಟನ್ನೇ ಪರೀಕ್ಷಿಸಿ, ಎರಡು ಸರಣಿಗಳೂ ಒಂದೇ ಎಂದು ತೀರ್ಮಾನಿಸಿಬಿಡುತ್ತಾರೆ. ಮುಂದಿನ ಹಂತ ಬೇಕಾಗಿರುವುದು ಅದಕ್ಕೇ.

SUM ಏಕೆ ಬದಲಾಗಲಿಲ್ಲ? SUM ತನಗೆ ಕೊಟ್ಟ ವ್ಯಾಪ್ತಿಯ ಸೆಲ್‌ಗಳಲ್ಲಿರುವ ಬೆಲೆಗಳನ್ನು ಮಾತ್ರ ಓದುತ್ತದೆ. ಒಂದು ಸಾಲು ಕಾಣುತ್ತಿದೆಯೇ ಇಲ್ಲವೇ ಎಂಬುದು ಸೆಲ್‌ನ ಬೆಲೆಗೆ ಸೇರಿದ ಸಂಗತಿಯಲ್ಲ, ಅದು ಆ ಸಾಲನ್ನು ಪರದೆಯ ಮೇಲೆ ಹೇಗೆ ತೋರಿಸಬೇಕೆಂಬುದಕ್ಕೆ ಸೇರಿದ್ದು. ಅಕ್ಷರದ ಬಣ್ಣ ಬದಲಿಸಿದರೆ ಮೊತ್ತ ಹೇಗೆ ಬದಲಾಗುವುದಿಲ್ಲವೋ, ಸಾಲನ್ನು ಅಡಗಿಸಿದರೂ SUM ಹಾಗೆಯೇ ಬದಲಾಗುವುದಿಲ್ಲ. ಇದು ದೋಷವಲ್ಲ. ಬೇರೊಂದು ಶೀಟ್‌ನಲ್ಲಿರುವ ವರದಿ ಈ ಮೊತ್ತವನ್ನು ಅವಲಂಬಿಸಿದ್ದರೆ, ಯಾರೋ ಹುಡುಕಾಟಕ್ಕೆಂದು ಫಿಲ್ಟರ್ ಹಾಕಿದ ಮಾತ್ರಕ್ಕೆ ಆ ವರದಿಯ ಅಂಕಿ ಬದಲಾಗಿಬಿಟ್ಟರೆ ಯಾವ ಲೆಕ್ಕವನ್ನೂ ನಂಬಲಾಗದು. ಇಡೀ ಪಟ್ಟಿಯ ಸ್ಥಿರವಾದ ಮೊತ್ತ ಬೇಕಾದಲ್ಲಿ SUM ಬಳಸುವುದೇ ಸರಿ.

SUBTOTAL ಬೆಲೆಯನ್ನು ಓದುವ ಮೊದಲು ಆ ಸಾಲಿನ ಸ್ಥಿತಿಯನ್ನು ನೋಡುತ್ತದೆ. ಸಾಲನ್ನು ಫಿಲ್ಟರ್ ಹೊರಗಿಟ್ಟಿದ್ದರೆ, ಆ ಸಾಲು ಸದ್ಯದ ಪ್ರಶ್ನೆಗೆ ಸೇರಿದ್ದಲ್ಲವೆಂದು ತಿಳಿದು ಅದರ ಬೆಲೆಯನ್ನು ಬಿಟ್ಟು ಮುಂದೆ ಹೋಗುತ್ತದೆ.

ಇಲ್ಲಿಯೇ ಒಂದು ಉಪಯುಕ್ತ ಅಭ್ಯಾಸವನ್ನು ರೂಢಿಸಿಕೊಳ್ಳಿ. ಫಿಲ್ಟರ್ ಇರುವಾಗಲೇ C6ರಿಂದ C15ರವರೆಗೆ ಆಯ್ಕೆ ಮಾಡಿ, ಕಿಟಕಿಯ ಕೆಳಅಂಚಿನ ಪಟ್ಟಿಯಲ್ಲಿ ಕಾಣುವ ಮೊತ್ತವನ್ನು ನೋಡಿ. ಅಲ್ಲಿ 105 ಇರುತ್ತದೆ, ಏಕೆಂದರೆ ಆ ಪಟ್ಟಿ ಕಾಣುವ ಸೆಲ್‌ಗಳನ್ನಷ್ಟೇ ಕೂಡಿಸುತ್ತದೆ. ಕೆಳಅಂಚಿನ ಮೊತ್ತಕ್ಕೂ ಸೂತ್ರದ ಮೊತ್ತಕ್ಕೂ ತಾಳೆಯಾಗದಿದ್ದರೆ, ಸೂತ್ರವು ಕಾಣದ ಸಾಲುಗಳನ್ನೂ ಎಣಿಸುತ್ತಿರಬಹುದು ಎಂಬುದಕ್ಕೆ ಅದೇ ಅತ್ಯಂತ ಬೇಗ ಸಿಗುವ ಎಚ್ಚರಿಕೆ.

## ಹಂತ 4: ಫಿಲ್ಟರ್ ತೆಗೆದು, ಸಾಲುಗಳನ್ನು ಕೈಯಿಂದ ಅಡಗಿಸಿ

Ctrl+Shift+L ಮತ್ತೊಮ್ಮೆ ಒತ್ತಿ ಫಿಲ್ಟರ್ ಪೂರ್ತಿ ತೆಗೆಯಿರಿ. ಹತ್ತೂ ಸಾಲುಗಳು ಕಾಣುತ್ತಿವೆಯೆಂದು ಖಚಿತಪಡಿಸಿಕೊಂಡ ಮೇಲೆ, 8ನೆಯ ಮತ್ತು 13ನೆಯ ಸಾಲುಗಳ ಅಂಕಿಯನ್ನು ಎಡಅಂಚಿನಲ್ಲಿ ಆಯ್ಕೆ ಮಾಡಿ, ಬಲಗುಂಡಿಯ ಮೆನುವಿನಲ್ಲಿ Hide ಒತ್ತಿ. ಇವುಗಳಲ್ಲಿರುವುದು 10 ಮತ್ತು 50, ಒಟ್ಟು 60 ಗಂಟೆ.

C1ರಲ್ಲಿ 300, C2ರಲ್ಲಿ 300, C3ರಲ್ಲಿ 240. ಈಗ ಎರಡು ಸರಣಿಗಳು ಬೇರೆಯಾದವು. ಕೈಯಿಂದ ಅಡಗಿಸಿದ ಸಾಲನ್ನು 9 ಎಣಿಸುತ್ತದೆ, 109 ಬಿಡುತ್ತದೆ.

ಯಾರು ಅಡಗಿಸಿದರೆಂದು ಶೀಟ್ ನೋಡಿಯೇ ಹೇಳಬಹುದು. ಫಿಲ್ಟರ್‌ನಿಂದ ಸಾಲುಗಳು ಮರೆಯಾದಾಗ ಉಳಿದ ಸಾಲುಗಳ ಅಂಕಿಗಳು ಎಡಅಂಚಿನಲ್ಲಿ ನೀಲಿಯಾಗುತ್ತವೆ, ಶೀರ್ಷಿಕೆಯ ಗುಂಡಿಯ ಮೇಲೆ ಆಲಿಕೆಯಂಥ ಗುರುತು ಬರುತ್ತದೆ. ಕೈಯಿಂದ ಅಡಗಿಸಿದಾಗ ಅಂಕಿಗಳ ಬಣ್ಣ ಬದಲಾಗುವುದಿಲ್ಲ, 7ರ ನಂತರ ನೇರವಾಗಿ 9 ಎಂದು ಅಂಕಿ ಹಾರಿರುತ್ತದೆ. ಎಡಅಂಚನ್ನು ಓದುವ ರೂಢಿ ಇಲ್ಲದವರು, ತಿಂಗಳುಗಳ ಹಿಂದೆ ಇನ್ನಾರೋ ಅಡಗಿಸಿಟ್ಟ ಸಾಲನ್ನು ಗಮನಿಸದೆ ಮೊತ್ತಕ್ಕೆ ಸೂತ್ರವನ್ನು ದೂರುತ್ತಾರೆ.

ಒಂದೇ ಪಟ್ಟಿಯಲ್ಲಿ ಫಿಲ್ಟರ್ ಇರುವಾಗಲೇ ಕೆಲವು ಸಾಲುಗಳನ್ನು ಕೈಯಿಂದಲೂ ಅಡಗಿಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಯಾವ ಸಾಲು ಯಾವ ಕಾರಣಕ್ಕೆ ಕಾಣುತ್ತಿಲ್ಲವೆಂದು ಆಮೇಲೆ ಗುರುತಿಸುವುದು ಕಷ್ಟ. ಕೆಲವು ಸಾಲುಗಳನ್ನು ಲೆಕ್ಕದಿಂದ ಹೊರಗಿಡಬೇಕೆಂದಿದ್ದರೆ, "ಸೇರಿಸಬೇಕೇ" ಎಂಬ ಹೊಸ ಕಾಲಂ ಮಾಡಿ ಅದರಲ್ಲಿ ಹೌದು, ಇಲ್ಲ ಎಂದು ಬರೆದು ಅದಕ್ಕೇ ಫಿಲ್ಟರ್ ಹಾಕಿ. ಆಗ ಹೊರಗಿಟ್ಟದ್ದಕ್ಕೆ ಶೀಟ್‌ನಲ್ಲೇ ದಾಖಲೆ ಉಳಿಯುತ್ತದೆ.

## ಹಂತ 5: ಗುಂಪನ್ನು ಮಡಿಸಿ, 9 ಏಕೆ ಹೀಗಿದೆಯೆಂದು ತಿಳಿಯಿರಿ

ಹಾಗಾದರೆ ಎಲ್ಲ ಕಡೆಯೂ 109 ಬರೆದರೆ ಸಾಕಲ್ಲವೇ, ಅರ್ಧ ಕೆಲಸ ಮಾಡುವ 9 ಏಕಿರಬೇಕು ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಶೀಟ್‌ನ ಒಂದು ಪ್ರತಿ ಮಾಡಿಕೊಳ್ಳಿ. ಮೂಲ ಶೀಟ್ ಮುಂದಿನ ಹಂತಗಳಿಗೆ ಬೇಕು. ಪ್ರತಿಯಲ್ಲಿ ಅಡಗಿದ ಎರಡೂ ಸಾಲುಗಳನ್ನು ಮತ್ತೆ ತೋರಿಸಿ, ಪಟ್ಟಿಯನ್ನು B ಕಾಲಂನಂತೆ ವಿಂಗಡಿಸಿ. ಈಗ ಮುದ್ರಣದ ನಾಲ್ಕು ಸಾಲುಗಳು 6ರಿಂದ 9ರವರೆಗೆ ಒಟ್ಟಾಗಿ ಬರುತ್ತವೆ. ಆ ನಾಲ್ಕು ಸಾಲುಗಳನ್ನು ಆಯ್ಕೆ ಮಾಡಿ Data ಮೆನುವಿನ Group ಒತ್ತಿ. ಎಡಬದಿಯಲ್ಲಿ ಒಂದು ಗೆರೆಯೂ ಕಳೆಯುವ ಚಿಹ್ನೆಯ ಗುಂಡಿಯೂ ಬರುತ್ತವೆ. ಗುಂಡಿ ಒತ್ತಿದರೆ ನಾಲ್ಕೂ ಸಾಲುಗಳು ಮಡಚಿಕೊಳ್ಳುತ್ತವೆ.

C2ರಲ್ಲಿ 300 ಹಾಗೆಯೇ ಇದೆ, C3 195ಕ್ಕೆ ಇಳಿದಿದೆ. ಗುಂಪು ಮಡಿಸುವುದು SUBTOTAL ದೃಷ್ಟಿಯಲ್ಲಿ ಕೈಯಿಂದ ಅಡಗಿಸುವುದೇ.

ಈಗ ಯೋಚಿಸಿ. ಗುಂಪನ್ನು ಮಡಿಸುವ ಉದ್ದೇಶವೇನು? ವಿವರಗಳನ್ನು ಮರೆಮಾಡಿ ಪ್ರತಿ ವಿಭಾಗದ ಮೊತ್ತವನ್ನಷ್ಟೇ ತೋರಿಸುವುದು. ಮುದ್ರಣದ ಮೊತ್ತದ ಸಾಲಿನಲ್ಲಿ 109 ಇದ್ದಿದ್ದರೆ, ವಿವರಗಳು ಮಡಚಿದ ಕ್ಷಣದಲ್ಲೇ ಆ ಮೊತ್ತ 105ರಿಂದ ಸೊನ್ನೆಗೆ ಬೀಳುತ್ತಿತ್ತು. ವಿವರ ಕಾಣದಿದ್ದರೂ ಮೊತ್ತ ಉಳಿಯಬೇಕೆಂಬ ಈ ಅಗತ್ಯವನ್ನು ಪೂರೈಸುವುದು 9. ಎಕ್ಸೆಲ್‌ನ Data ಮೆನುವಿನಲ್ಲಿರುವ Subtotal ಆಜ್ಞೆ ಪ್ರತಿ ಗುಂಪಿನ ಕೆಳಗೆ ತಾನಾಗಿ ಬರೆಯುವ ಸೂತ್ರದಲ್ಲಿ 9 ಇರುವುದು ಇದೇ ಕಾರಣಕ್ಕೆ.

ಆದ್ದರಿಂದ 9 ಎಂಬುದು 109ರ ಹಳೆಯ ಅಥವಾ ಕೊರತೆಯುಳ್ಳ ರೂಪವೆಂದು ನಾನು ಒಪ್ಪುವುದಿಲ್ಲ. ಎರಡೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಫಿಲ್ಟರ್ ಹಾಕಿದವರು "ಈ ಸಾಲುಗಳ ಬಗ್ಗೆಯಷ್ಟೇ ಹೇಳು" ಎಂದು ಕೇಳುತ್ತಿದ್ದಾರೆ, ಅದನ್ನು ಎರಡೂ ಗೌರವಿಸುತ್ತವೆ. ಕೈಯಿಂದ ಅಡಗಿಸಿದವರ ಮನಸ್ಸಿನಲ್ಲಿ "ಇದನ್ನು ತೋರಿಸಬೇಡ" ಎಂದಿರಬಹುದು, "ಇದನ್ನು ಎಣಿಸಬೇಡ" ಎಂದೂ ಇರಬಹುದು. ಮೊದಲನೆಯದಾದರೆ 9, ಎರಡನೆಯದಾದರೆ 109. ಅದನ್ನು ಸೂತ್ರ ತಾನೇ ಊಹಿಸಲಾರದು, ನೀವು ಹೇಳಬೇಕು.

## ಹಂತ 6: ನಿಮ್ಮ ಪಟ್ಟಿಗೆ ಯಾವುದು ಬೇಕೆಂದು ನಿರ್ಧರಿಸಿ

ಫಿಲ್ಟರ್ ಏನೇ ಇದ್ದರೂ ಬದಲಾಗಬಾರದ ಮೊತ್ತಕ್ಕೆ SUM ಬಳಸಿ. ಫಿಲ್ಟರ್‌ನೊಂದಿಗೆ ಬದಲಾಗಬೇಕು, ಆದರೆ ಗುಂಪು ಮಡಿಸಿದರೆ ಬದಲಾಗಬಾರದು ಎಂದಿದ್ದರೆ 9. ಕಾಗದದ ಮೇಲೆ ಮುದ್ರಿಸಿ ಕೊಡುವ ಪಟ್ಟಿಯಾಗಿದ್ದು, ಓದುವವರು ಕಾಣುವ ಸಾಲುಗಳನ್ನು ಕೈಲೆಕ್ಕದಲ್ಲಿ ಕೂಡಿಸಿದರೂ ಅದೇ ಮೊತ್ತ ಬರಬೇಕೆಂದಿದ್ದರೆ 109.

ಎಕ್ಸೆಲ್ ತಾನಾಗಿ ಬರೆಯುವ ಸೂತ್ರಗಳಲ್ಲೂ ಈ ಮೂರೂ ಬರುತ್ತವೆಂಬುದನ್ನು ಗಮನದಲ್ಲಿಡಿ. ಸಾಮಾನ್ಯ ಪಟ್ಟಿಯ ಕೆಳಗೆ Alt ಮತ್ತು = ಒತ್ತಿದರೆ SUM ಬರುತ್ತದೆ. ಅದೇ ಪಟ್ಟಿಗೆ ಫಿಲ್ಟರ್ ಹಾಕಿರುವಾಗ ಒತ್ತಿದರೆ 9 ಇರುವ SUBTOTAL ಬರುತ್ತದೆ. ಪಟ್ಟಿಯನ್ನು ಟೇಬಲ್ ಆಗಿ ಪರಿವರ್ತಿಸಿ ಅದರ ಮೊತ್ತದ ಸಾಲನ್ನು ಆನ್ ಮಾಡಿದರೆ 109 ಬರುತ್ತದೆ. ಒಂದೇ ಕಡತದಲ್ಲಿ ಮೂರು ದಿನ ಮೂರು ಬಗೆಯಲ್ಲಿ ಸೇರಿಸಿದ ಮೊತ್ತಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಗೂಗಲ್ ಶೀಟ್ಸ್ ಮತ್ತು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಈ ಎರಡು ಸರಣಿಗಳ ಅರ್ಥ ಹೀಗೆಯೇ ಇದೆ.

## ಹಂತ 7: ಸರಾಸರಿ ಮತ್ತು ಪಾಲನ್ನು ಲೆಕ್ಕ ಹಾಕುವಾಗ ಬೆರೆಸಬೇಡಿ

ಮೂಲ ಶೀಟ್‌ಗೆ ಹಿಂತಿರುಗಿ, ಅಡಗಿದ ಸಾಲುಗಳನ್ನು ತೋರಿಸಿ, ಮತ್ತೆ ಮುದ್ರಣಕ್ಕೆ ಫಿಲ್ಟರ್ ಹಾಕಿ. ಪ್ರತಿ ಕೆಲಸಕ್ಕೆ ಸರಾಸರಿ ಎಷ್ಟು ಗಂಟೆಯೆಂದು ತಿಳಿಯಲು ಒಬ್ಬರು ಮೊತ್ತವನ್ನು SUBTOTAL ಮೂಲಕ ತೆಗೆದು, ಸಾಲುಗಳ ಸಂಖ್ಯೆಯನ್ನು ಮಾತ್ರ ಹಳೆಯ COUNT ಮೂಲಕವೇ ತೆಗೆದರೆ, 105ನ್ನು 10ರಿಂದ ಭಾಗಿಸಿ 10.5 ಎಂಬ ಉತ್ತರ ಬರುತ್ತದೆ. ಮುದ್ರಣದ ಅತಿ ಚಿಕ್ಕ ಕೆಲಸವೇ 15 ಗಂಟೆಯದು, ಸರಾಸರಿ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಇಂಥ ಅಸಾಧ್ಯ ಸಂಖ್ಯೆ ಕಂಡರೆ, ಭಾಗಾಕಾರದ ಒಂದು ಬದಿ ಕಾಣುವ ಸಾಲುಗಳನ್ನೂ ಇನ್ನೊಂದು ಬದಿ ಇಡೀ ಪಟ್ಟಿಯನ್ನೂ ನೋಡುತ್ತಿದೆಯೆಂದು ತಿಳಿಯಿರಿ. ಸರಿಯಾದ ಸರಾಸರಿ 26.25, ಅದನ್ನು ನೇರವಾಗಿಯೇ ಪಡೆಯಬಹುದು:

```
=SUBTOTAL(101,C6:C15)
```

ಫಿಲ್ಟರ್‌ನ ನಂತರ ಒಂದು ಸಾಲೂ ಉಳಿಯದಿದ್ದರೆ ಈ ಸೂತ್ರ `#DIV/0!` ತೋರಿಸುತ್ತದೆ. ಸೂತ್ರ ಕೆಟ್ಟಿಲ್ಲ, ಭಾಗಿಸಲು ಏನೂ ಇಲ್ಲ ಅಷ್ಟೇ.

ಆದರೆ ಬೆರೆಸಲೇಬೇಕಾದ ಒಂದು ಸಂದರ್ಭವಿದೆ. ಕಾಣುತ್ತಿರುವ ವಿಭಾಗ ಒಟ್ಟು ಗಂಟೆಗಳಲ್ಲಿ ಎಷ್ಟು ಪಾಲು ಎಂದು ಕೇಳಿದರೆ ಮೇಲಿನ ಸಂಖ್ಯೆ ಫಿಲ್ಟರ್‌ನೊಂದಿಗೆ ಬದಲಾಗಬೇಕು, ಕೆಳಗಿನ ಸಂಖ್ಯೆ ಬದಲಾಗಬಾರದು:

```
=SUBTOTAL(109,C6:C15)/SUM(C6:C15)
```

ಸೆಲ್‌ಗೆ ಶೇಕಡಾ ರೂಪ ಕೊಟ್ಟರೆ ಇದು ಮುದ್ರಣಕ್ಕೆ 35 ಶೇಕಡಾ, ವಿನ್ಯಾಸಕ್ಕೆ 40 ಶೇಕಡಾ, ಸಾಗಣೆಗೆ 25 ಶೇಕಡಾ ತೋರಿಸುತ್ತದೆ. SUM ಎಲ್ಲವನ್ನೂ SUBTOTAL ಆಗಿ ಬದಲಿಸಿಬಿಟ್ಟವರಿಗೆ ಇಲ್ಲಿ ಯಾವಾಗಲೂ 100 ಶೇಕಡಾ ಬರುತ್ತದೆ.

## ಹಂತ 8: ನಡುವೆ ಉಪಮೊತ್ತಗಳಿದ್ದರೆ ಇಮ್ಮಡಿಯಾಗದಂತೆ ನೋಡಿ

ವಿಂಗಡಿಸಿದ ಪ್ರತಿಯಲ್ಲಿ ಗುಂಪನ್ನು ಬಿಚ್ಚಿ, ಪ್ರತಿ ವಿಭಾಗದ ಕೆಳಗೆ ಒಂದೊಂದು ಉಪಮೊತ್ತದ ಸಾಲು ಸೇರಿಸಿದರೆ ಉಪಮೊತ್ತಗಳು C10, C14, C18ರಲ್ಲಿ ಬರುತ್ತವೆ. ಅವುಗಳಲ್ಲಿ 105, 120, 75 ಇರುತ್ತವೆ. ಈಗ C6ರಿಂದ C18ರವರೆಗೆ SUM ಬರೆದರೆ ಉತ್ತರ 600. ವಿವರಗಳ 300 ಮತ್ತು ಉಪಮೊತ್ತಗಳ 300 ಎರಡೂ ಸೇರಿಕೊಂಡಿವೆ.

ಅದೇ ವ್ಯಾಪ್ತಿಗೆ SUBTOTAL ಬರೆದರೆ 300 ಬರುತ್ತದೆ, ಏಕೆಂದರೆ ತನ್ನ ವ್ಯಾಪ್ತಿಯಲ್ಲಿ ಇನ್ನೊಂದು SUBTOTAL ಕಂಡರೆ ಅದನ್ನು ಬಿಟ್ಟು ಹೋಗುವುದು ಇದರ ನಿಯಮ. ಒಂದು ಷರತ್ತಿದೆ: ಉಪಮೊತ್ತಗಳನ್ನೂ SUBTOTAL ಬಳಸಿಯೇ ಬರೆದಿರಬೇಕು. ಉಪಮೊತ್ತಗಳು SUM ಆಗಿದ್ದು ಕೊನೆಯ ಮೊತ್ತ ಮಾತ್ರ SUBTOTAL ಆಗಿದ್ದರೆ ಮತ್ತೆ 600 ಬರುತ್ತದೆ, SUM ಬರೆದ ಸೆಲ್‌ಗೂ ಸಾಮಾನ್ಯ ವಿವರದ ಸೆಲ್‌ಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಮೊತ್ತ ಸರಿಯಾಗಿ ಎರಡು ಪಟ್ಟಾಗಿ ಕಂಡರೆ ಬೇರೆಲ್ಲೂ ಹುಡುಕದೆ ನೇರವಾಗಿ ಉಪಮೊತ್ತದ ಸೆಲ್‌ಗಳನ್ನು ತೆರೆದು ನೋಡಿ.

## ಹಂತ 9: ಷರತ್ತಿನ ಮೊತ್ತಕ್ಕೆ ಸಹಾಯಕ ಕಾಲಂ ಮಾಡಿಕೊಳ್ಳಿ

SUMIFS ಕೂಡ SUM ಕುಟುಂಬದ್ದೇ, ಅದು ಅಡಗಿದ ಸಾಲುಗಳನ್ನು ಎಣಿಸುತ್ತದೆ. ಮೂಲ ಶೀಟ್‌ನಲ್ಲಿ ಫಿಲ್ಟರ್ ತೆಗೆದು 12ನೆಯ ಸಾಲನ್ನು ಕೈಯಿಂದ ಅಡಗಿಸಿ. ಮುದ್ರಣದ ಗಂಟೆಗಳನ್ನು SUMIFS ಮೂಲಕ ಕೇಳಿದರೆ 105 ಎನ್ನುತ್ತದೆ, ಕಾಣುತ್ತಿರುವುದು ಮಾತ್ರ 90. SUBTOTAL ಒಳಗೆ ಷರತ್ತು ಹಾಕಲು ಜಾಗವಿಲ್ಲ. ಆದ್ದರಿಂದ ಪ್ರತಿ ಸಾಲು ಕಾಣುತ್ತಿದೆಯೇ ಎಂಬುದನ್ನೇ ಒಂದು ಬೆಲೆಯಾಗಿ ಮಾಡಿಕೊಳ್ಳಬೇಕು. D6ರಲ್ಲಿ ಇದನ್ನು ಬರೆದು D15ರವರೆಗೆ ಎಳೆಯಿರಿ:

```
=AGGREGATE(3,5,A6)
```

ಇಲ್ಲಿ 3 ಎಂದರೆ ಖಾಲಿಯಲ್ಲದ ಸೆಲ್ ಎಣಿಸು, 5 ಎಂದರೆ ಅಡಗಿದ ಸಾಲನ್ನು ಬಿಡು. ಸಾಲು ಕಾಣುತ್ತಿದ್ದರೆ 1, ಅಡಗಿದ್ದರೆ 0. ಇನ್ನು ಷರತ್ತು ಹಾಕಬಹುದು:

```
=SUMIFS(C6:C15,B6:B15,"ಮುದ್ರಣ",D6:D15,1)
```

ಉತ್ತರ 90. ಸಹಾಯಕ ಸೂತ್ರವು A ಕಾಲಂನಂತೆ ಎಂದೂ ಖಾಲಿಯಾಗಿರದ ಕಾಲಂ ಅನ್ನೇ ನೋಡಬೇಕು. ಖಾಲಿ ಸೆಲ್ ಇದ್ದರೆ, ಕಾಣುವ ಸಾಲಿಗೂ 0 ಬಂದು ಅದರ ಗಂಟೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

AGGREGATE ಇಲ್ಲದ ತಂತ್ರಾಂಶದಲ್ಲಿ `=SUBTOTAL(103,A6)` ಇದೇ ಕೆಲಸ ಮಾಡುತ್ತದೆ. ಎಕ್ಸೆಲ್‌ನಲ್ಲಿ ನಾನು ಅದನ್ನು ಬಳಸದಿರುವುದಕ್ಕೆ ಕಾರಣವೆಂದರೆ, ಪಟ್ಟಿಯ ಕೊನೆಯ ಸಾಲಿನಲ್ಲಿ SUBTOTAL ಕಂಡರೆ ಎಕ್ಸೆಲ್ ಅದನ್ನು ಮೊತ್ತದ ಸಾಲೆಂದು ತಿಳಿದು ಫಿಲ್ಟರ್‌ನಿಂದ ಹೊರಗಿಡಬಹುದು. ಯಾವ ವಿಭಾಗ ಆಯ್ಕೆ ಮಾಡಿದರೂ 15ನೆಯ ಸಾಲು ಹಟ ಹಿಡಿದಂತೆ ಕಾಣುತ್ತಲೇ ಇದ್ದರೆ ಇದೇ ಅದರ ಲಕ್ಷಣ.

## ಹಂತ 10: ಮೊತ್ತ ತಪ್ಪೆನಿಸಿದಾಗ ಈ ಕ್ರಮದಲ್ಲಿ ಪರೀಕ್ಷಿಸಿ

ಮೊದಲು ಎಡಅಂಚಿನ ಸಾಲಿನ ಅಂಕಿಗಳನ್ನು ಓದಿ. ನೀಲಿಯಾಗಿದ್ದರೆ ಫಿಲ್ಟರ್ ಇದೆ, ಬಣ್ಣ ಬದಲಾಗದೆ ಅಂಕಿ ಹಾರಿದ್ದರೆ ಯಾರೋ ಅಡಗಿಸಿದ್ದಾರೆ ಅಥವಾ ಗುಂಪು ಮಡಚಿದೆ.

ನಂತರ ಮೊತ್ತದ ಸೆಲ್ ತೆರೆದು ಸೂತ್ರದ ಹೆಸರನ್ನೂ ಮೊದಲ ಸಂಖ್ಯೆಯನ್ನೂ ನೋಡಿ. ವ್ಯಾಪ್ತಿ ಪಟ್ಟಿಯ ಕೊನೆಯ ಸಾಲಿನವರೆಗೆ ಮುಟ್ಟುತ್ತಿದೆಯೇ ಎಂಬುದನ್ನೂ ಅಲ್ಲಿಯೇ ಪರಿಶೀಲಿಸಿ. ಪಟ್ಟಿ ಬೆಳೆದು ವ್ಯಾಪ್ತಿ ಹಳೆಯದೇ ಉಳಿದಿದ್ದರೆ, ಆ ಕೊರತೆಯನ್ನು ಅಡಗಿದ ಸಾಲುಗಳ ಪರಿಣಾಮವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ.

ಮೂರನೆಯದಾಗಿ, ಫಿಲ್ಟರ್ ಹಾಕಿದ ಮೇಲೆ ಯಾವುದಾದರೂ ಸಾಲಿನ ವಿಭಾಗವನ್ನು ತಿದ್ದಿದ್ದೀರಾ ಎಂದು ನೆನಪಿಸಿಕೊಳ್ಳಿ. 10ನೆಯ ಸಾಲಿನ ಮುದ್ರಣವನ್ನು ಸಾಗಣೆ ಎಂದು ಬದಲಿಸಿದರೂ ಆ ಸಾಲು ತಾನಾಗಿ ಮರೆಯಾಗುವುದಿಲ್ಲ, ಅದರ 35 ಗಂಟೆ ಮುದ್ರಣದ ಮೊತ್ತದಲ್ಲೇ ಉಳಿದಿರುತ್ತದೆ. Data ಮೆನುವಿನ Reapply ಒತ್ತಿದರೆ ಫಿಲ್ಟರ್ ಹೊಸದಾಗಿ ಅನ್ವಯವಾಗಿ ಮೊತ್ತ 70ಕ್ಕೆ ಬರುತ್ತದೆ.

ಇಷ್ಟಾದರೂ ಮೊತ್ತ ಅಲುಗದಿದ್ದರೆ F9 ಒತ್ತಿ. ಒತ್ತಿದ ಕೂಡಲೇ ಬದಲಾದರೆ ಕಡತ ಸ್ವಯಂಚಾಲಿತ ಲೆಕ್ಕಾಚಾರದಲ್ಲಿಲ್ಲ ಎಂದರ್ಥ. Formulas ಮೆನುವಿನ Calculation Options ಒಳಗೆ Automatic ಆರಿಸಿ.

ಕೊನೆಗೆ, ನೀವು ಅಡಗಿಸಿದ್ದು ಸಾಲನ್ನೋ ಕಾಲಂ ಅನ್ನೋ ಎಂದು ನೋಡಿ. ವಿವರಗಳು ಎಡದಿಂದ ಬಲಕ್ಕೆ ಹರಡಿದ್ದು, ನಡುವಿನ ಒಂದು ಕಾಲಂ ಅಡಗಿಸಿ, ಅಡ್ಡಲಾಗಿ SUBTOTAL ಬರೆದರೆ 109 ಕೂಡ ಆ ಕಾಲಂ ಅನ್ನು ಎಣಿಸಿಯೇ ಎಣಿಸುತ್ತದೆ. ಈ ಸೂತ್ರ ಪರೀಕ್ಷಿಸುವುದು ಸಾಲಿನ ಸ್ಥಿತಿಯನ್ನು ಮಾತ್ರ, ಕಾಲಂನ ಸ್ಥಿತಿಯನ್ನು ಅದು ನೋಡುವುದೇ ಇಲ್ಲ. ಅಂಥ ಪಟ್ಟಿಯಲ್ಲಿ ಸಂಖ್ಯೆ ಬದಲಿಸುವುದರಿಂದ ಪ್ರಯೋಜನವಿಲ್ಲ. ಪಟ್ಟಿಯನ್ನು ನಕಲಿಸಿ, Paste Special ಒಳಗಿನ Transpose ಆಯ್ಕೆಯಿಂದ ಕಾಲಂಗಳನ್ನು ಸಾಲುಗಳಾಗಿ ತಿರುಗಿಸಿ, ಅಲ್ಲಿ ಮೊತ್ತ ತೆಗೆಯಿರಿ.